ಕಂತು ಶುರುವಾಗುವ ಮುನ್ನವೇ ಬೆಳೆಯುವ ಸಾಲ

ಶಿಕ್ಷಣ ಸಾಲ ಪಡೆದ ಮನೆಗಳಲ್ಲಿ ಒಂದು ನಂಬಿಕೆ ಬಲವಾಗಿದೆ: ಮಗ ಅಥವಾ ಮಗಳು ಓದು ಮುಗಿಸುವವರೆಗೆ ಬ್ಯಾಂಕು ಏನೂ ಕೇಳುವುದಿಲ್ಲ. ಕಂತು ಕೇಳುವುದಿಲ್ಲ ಎಂಬುದು ನಿಜ. ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಓಡುತ್ತಿರುತ್ತದೆ.

ಸಾಮಾನ್ಯವಾಗಿ ಕೋರ್ಸಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷ ಸೇರಿದ ಕಾಲವನ್ನು ಮೊರಟೋರಿಯಂ ಎನ್ನುತ್ತಾರೆ. ಎಂಜಿನಿಯರಿಂಗ್ ಓದುವ ಒಬ್ಬ ವಿದ್ಯಾರ್ಥಿನಿಯ ಲೆಕ್ಕ ಹಾಕೋಣ. ಪ್ರತಿ ವರ್ಷದ ಆರಂಭದಲ್ಲಿ 1 ಲಕ್ಷದಂತೆ ನಾಲ್ಕು ವರ್ಷ, ಒಟ್ಟು 4 ಲಕ್ಷ ಸಾಲ; ಬಡ್ಡಿ ದರ ಶೇ. 10. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ 50,000 ರೂಪಾಯಿ. ಎರಡನೆಯದಕ್ಕೆ 40,000, ಮೂರನೆಯದಕ್ಕೆ 30,000, ಕೊನೆಯದಕ್ಕೆ 20,000. ಒಟ್ಟು 1,40,000.

ಈ ಲೆಕ್ಕ ಸರಳ ಬಡ್ಡಿಯದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಈ ಅವಧಿಗೆ ಇರುವುದೂ ಅದೇ. ಆದರೆ ಪ್ರತಿ ಸಾಲದಾತರೂ ಹಾಗೆಯೇ ಲೆಕ್ಕ ಹಾಕುತ್ತಾರೆಂದು ತಿಳಿಯಬಾರದು. ಸ್ಟೇಟ್‌ಮೆಂಟ್ ತೆಗೆಸಿ ನೋಡಿದರೆ ತಿಳಿಯುತ್ತದೆ: ದರ ಬದಲಾಗದೆ 1 ಲಕ್ಷಕ್ಕೆ ಮೊದಲ ವರ್ಷದ ಬಡ್ಡಿ 10,000ದ ಆಸುಪಾಸಿನಲ್ಲಿದ್ದರೆ ಸರಳ ಬಡ್ಡಿ, 10,470 ಆಗಿದ್ದರೆ ತಿಂಗಳು ತಿಂಗಳೂ ಚಕ್ರಬಡ್ಡಿ ಬೀಳುತ್ತಿದೆ.

ನಿಜವಾದ ತಿರುವು ಮೊರಟೋರಿಯಂ ಮುಗಿದ ದಿನ. ಅಲ್ಲಿಯವರೆಗೆ ಬಡ್ಡಿಯಾಗಿದ್ದ 1,40,000 ಅಂದು ಅಸಲಿಗೆ ಸೇರುತ್ತದೆ. ಇನ್ನು ಮುಂದೆ ಅದರ ಮೇಲೂ ಬಡ್ಡಿ. ಹಾಗಾಗಿ 5,40,000ಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 7,136 ರೂಪಾಯಿ. ಮೊದಲ ಕಂತಿನಲ್ಲಿ 4,500 ಬಡ್ಡಿಗೇ ಹೋಗಿ, ಅಸಲಿಗೆ ಸಲ್ಲುವುದು 2,636 ಮಾತ್ರ.

ಅದೇ ಕುಟುಂಬ ಓದಿನ ಕಾಲದಲ್ಲೇ ಬಡ್ಡಿ ಕಟ್ಟಿಕೊಂಡು ಬಂದಿದ್ದರೆ? ಮೊದಲ ವರ್ಷ ತಿಂಗಳಿಗೆ ಸುಮಾರು 833 ರೂಪಾಯಿ, ನಾಲ್ಕನೆಯ ವರ್ಷದಿಂದ 3,333. ಕೊನೆಗೆ ಉಳಿಯುವ ಅಸಲು 4 ಲಕ್ಷವೇ, ಕಂತು 5,286. ಐದು ವರ್ಷದಲ್ಲಿ ಕಟ್ಟಿದ 1,40,000, ಮುಂದಿನ ಹತ್ತು ವರ್ಷದಲ್ಲಿ ಕಟ್ಟಬೇಕಿದ್ದ 2,22,000 ರೂಪಾಯಿಯನ್ನು ತಪ್ಪಿಸುತ್ತದೆ. ಪೂರ್ತಿ ಬಡ್ಡಿ ಕಟ್ಟಲಾಗದವರು ಅರ್ಧ ಕಟ್ಟಿದರೂ ಲಾಭ ಅರ್ಧದಷ್ಟು ಸಿಗುತ್ತದೆ. ಹೀಗೆ ಕಟ್ಟುವವರಿಗೆ ದರದಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ. ಅರ್ಜಿ ಹಾಕುವಾಗಲೇ ಕೇಳಿಕೊಳ್ಳಬೇಕು.

ಹೊಸ ನೌಕರಿಯ ಸಂಬಳಕ್ಕೆ 7,136 ಭಾರವೆನಿಸಿದರೆ ಅವಧಿಯನ್ನು ಹದಿನೈದು ವರ್ಷಕ್ಕೆ ಹಿಗ್ಗಿಸುವ ದಾರಿಯಿದೆ. ಕಂತು 5,803ಕ್ಕೆ ಇಳಿಯುತ್ತದೆ. ಒಟ್ಟು ಕಟ್ಟುವ ಹಣ ಮಾತ್ರ 8.56 ಲಕ್ಷದಿಂದ 10.45 ಲಕ್ಷಕ್ಕೆ ಏರುತ್ತದೆ. ಈ ಬೆಲೆ ತಿಳಿದೇ ಒಪ್ಪುವುದು ಒಳ್ಳೆಯದು.

ವರ್ಷದ ಆದಾಯ 4.5 ಲಕ್ಷದೊಳಗಿರುವ ಕುಟುಂಬಗಳಿಗೆ ಈ ಲೆಕ್ಕವೇ ಬದಲಾಗಬಹುದು. ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಷರತ್ತುಗಳು ಹೊಂದಿದರೆ ಮೊರಟೋರಿಯಂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯಿದೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ಆ ಹಣ ಸಾಲದ ಖಾತೆಗೆ ಜಮೆಯಾಗಿದೆಯೇ ಎಂಬುದನ್ನು, ಬಡ್ಡಿ ಅಸಲಿಗೆ ಸೇರುವ ಮೊದಲೇ ಸ್ಟೇಟ್‌ಮೆಂಟಿನಲ್ಲಿ ನೋಡಿಕೊಳ್ಳಬೇಕು.