ಎಡಗಡೆ ಬಡ್ ಸತ್ತಾಗ ಅಂಗಡಿಗೆ ಬರೆಯುವ ಪತ್ರ

ಅಣ್ಣನ ಮಗಳು ಮಾರ್ಚ್‌ನಲ್ಲಿ 2,499 ರೂಪಾಯಿ ಕೊಟ್ಟು ಕೊಂಡ ಇಯರ್‌ಬಡ್‌ನ ಎಡಭಾಗ ಜುಲೈ ಹೊತ್ತಿಗೆ ಸುಮ್ಮನಾಯಿತು. ಅಂಗಡಿಗೆ ಹೋದರೆ, "ನಾವು ಮಾರೋದಷ್ಟೇ ಮೇಡಂ, ಸರ್ವೀಸ್ ಸೆಂಟರಿಗೆ ಹೋಗಿ" ಎಂದರಂತೆ. ಸಿಟ್ಟಿನಲ್ಲಿ ಒಂದೂವರೆ ಪುಟದ ಪತ್ರ ಬರೆದು ನನಗೆ ತೋರಿಸಿದಳು. ಮೋಸ, ನಂಬಿಕೆ, ಅವಮಾನ ಎಲ್ಲವೂ ಇದ್ದವು. ಬಿಲ್ ನಂಬರ್ ಮಾತ್ರ ಇರಲಿಲ್ಲ.

ಪತ್ರಕ್ಕೆ ಕೈ ಹಾಕುವ ಮೊದಲು ಅರ್ಧ ಗಂಟೆ ಬಡ್ ಜೊತೆ ಕೂತೆವು. ಇಂಥ ದೂರಿಗೆ ಮೊದಲು ಬರುವ ಉತ್ತರ "ಕ್ಲೀನ್ ಮಾಡಿದ್ರಾ? ರೀಸೆಟ್ ಮಾಡಿದ್ರಾ?" ಎಂಬುದು. ಕೇಳುವುದರಲ್ಲಿ ತಪ್ಪೂ ಇಲ್ಲ. ಕಿವಿಯ ಗುಗ್ಗೆ ಜಾಲರಿಗೆ ಮೆತ್ತಿಕೊಂಡರೆ ಶಬ್ದ ಸಣ್ಣಗಾಗುತ್ತದೆ. ಕೇಸಿನೊಳಗಿನ ಪಿನ್ನುಗಳ ಮೇಲೆ ಬೆವರಿನ ಕೊಳೆ ಕೂತರೆ ಆ ಒಂದು ಬಡ್ ಮಾತ್ರ ಚಾರ್ಜ್ ಆಗುವುದಿಲ್ಲ. ಫೋನಿನ ಸೆಟ್ಟಿಂಗ್‌ನಲ್ಲಿ ಎಡ-ಬಲ ಶಬ್ದದ ಸಮತೋಲ ಯಾವಾಗಲೋ ಬಲಕ್ಕೆ ಜಾರಿರುವುದೂ ಉಂಟು. ಒಣ ಬಟ್ಟೆಯಿಂದ ಒರೆಸಿ, ಬ್ಲೂಟೂತ್ ಪಟ್ಟಿಯಿಂದ ಅಳಿಸಿ, ಮತ್ತೆ ಜೋಡಿಸಿ, ಇನ್ನೊಂದು ಫೋನಿನಲ್ಲೂ ನೋಡಿದೆವು. ಬಲಗಡೆಯದು ಹಾಡಿತು, ಎಡಗಡೆಯದು ಕೇಸಿನಲ್ಲಿಟ್ಟರೂ ದೀಪ ಮಿನುಗಿಸಲಿಲ್ಲ. ಅದನ್ನೇ ಇಪ್ಪತ್ತು ಸೆಕೆಂಡಿನ ವಿಡಿಯೋ ಮಾಡಿಕೊಂಡೆವು. ಸರ್ವೀಸ್ ಸೆಂಟರಿನ ಮೇಜಿನ ಮೇಲೆ ಇಟ್ಟ ಕೂಡಲೇ ಸರಿಹೋಗಿಬಿಡುವ ದುಷ್ಟ ಗುಣ ಈ ಯಂತ್ರಗಳಿಗಿದೆ. ಆಗ "ದೋಷ ಕಂಡುಬಂದಿಲ್ಲ" ಎಂದು ಬರೆದುಕೊಟ್ಟರೆ ನಮ್ಮ ಬಳಿ ಬೇರೆ ಸಾಕ್ಷಿಯೇ ಇರುವುದಿಲ್ಲ.

ಬಿಲ್ಲನ್ನು ಹುಡುಕಿದರೆ ಅಕ್ಷರಗಳು ಅರ್ಧ ಮಾಸಿದ್ದವು. ಅಂಗಡಿಯ ಸಣ್ಣ ಪ್ರಿಂಟರಿನ ಕಾಗದ ಶಾಖಕ್ಕೆ ಕಪ್ಪಾಗುವಂಥದ್ದು, ದಿನ ಕಳೆದಂತೆ ಅಳಿಸಿಹೋಗುತ್ತದೆ. ಪುಣ್ಯಕ್ಕೆ ಕೊಂಡ ದಿನವೇ ಫೋಟೊ ತೆಗೆದಿಟ್ಟಿದ್ದಳು.

ಆಮೇಲೆ ಬರೆದ ಪತ್ರ ಇಷ್ಟೇ:

"ಮಾನ್ಯರೇ, ದಿನಾಂಕ 14-3-2025ರಂದು ನಿಮ್ಮ ಅಂಗಡಿಯಲ್ಲಿ ಬಿಲ್ ನಂ. 1187ರಂತೆ 2,499 ರೂ. ಕೊಟ್ಟು ಇಯರ್‌ಬಡ್ ಕೊಂಡಿದ್ದೇನೆ. ಮಾಡೆಲ್ ಮತ್ತು ಸೀರಿಯಲ್ ನಂಬರ್ ಕಾಣುವ ಡಬ್ಬದ ಫೋಟೊ ಲಗತ್ತಿಸಿದೆ. ವಾರಂಟಿ ಒಂದು ವರ್ಷ. ಜುಲೈ 9ರಿಂದ ಎಡ ಬಡ್ ಚಾರ್ಜ್ ಆಗುತ್ತಿಲ್ಲ, ಶಬ್ದವೂ ಬರುತ್ತಿಲ್ಲ. ಸ್ವಚ್ಛಗೊಳಿಸಿ, ರೀಸೆಟ್ ಮಾಡಿ, ಎರಡು ಫೋನುಗಳಲ್ಲಿ ಪರೀಕ್ಷಿಸಿದ್ದೇನೆ. ನೀರಿಗೆ ಬಿದ್ದಿಲ್ಲ, ಒಡೆದಿಲ್ಲ. ಜುಲೈ 12ರಂದು ತಮ್ಮಲ್ಲಿಗೆ ತಂದಾಗ ಸ್ವೀಕರಿಸಲಿಲ್ಲ. ದಯವಿಟ್ಟು ಈ ಪತ್ರ ತಲುಪಿದ 15 ದಿನಗಳೊಳಗೆ ಇದನ್ನು ಬದಲಾಯಿಸಿ ಕೊಡಿ, ಅಥವಾ ಕೊಡಲಾಗದ ಕಾರಣವನ್ನು ಬರಹದಲ್ಲಿ ತಿಳಿಸಿ."

ನನ್ನ ಪ್ರಕಾರ ಇದರಲ್ಲಿ ಹೆಚ್ಚು ಕೆಲಸ ಮಾಡುವುದು ಕೊನೆಯ ಐದಾರು ಪದ. ಕೌಂಟರಿನಲ್ಲಿ ಆಗಲ್ಲ ಎನ್ನುವುದು ಸುಲಭ, ಅದನ್ನೇ ಸೀಲು ಹಾಕಿ ಬರೆದುಕೊಡಲು ಯಾರೂ ಮುಂದೆ ಬರುವುದಿಲ್ಲ. ಇನ್ನು "ನೀರಿಗೆ ಬಿದ್ದಿಲ್ಲ" ಎಂಬ ಸಾಲು ನಿಜವಾಗಿದ್ದರೆ ಮಾತ್ರ ಬರೆಯಬೇಕು. ಡಬ್ಬದ ಮೇಲಿನ ಐಪಿಎಕ್ಸ್ 4 ಎಂಬ ಗುರುತನ್ನು ನಂಬಿ ಅದನ್ನು ಹಾಕಿಕೊಂಡೇ ಸ್ನಾನ ಮಾಡುವವರನ್ನು ಕಂಡಿದ್ದೇನೆ. ಆ ಗುರುತು ಬೆವರು, ತುಂತುರಿಗೆ ಮಾತ್ರ. ಮುಳುಗಿಸಿದರೆ ತಡೆಯುವ ಭರವಸೆ ಅದರಲ್ಲಿಲ್ಲ, ನೀರು ಒಳಗೆ ಹೋದ ಹಾನಿಯನ್ನು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಟ್ಟಿರುತ್ತಾರೆ.

ಪತ್ರದ ಎರಡು ಪ್ರತಿ ಮಾಡಿ ಅಂಗಡಿಗೆ ಒಯ್ದು, ನಮ್ಮ ಪ್ರತಿಯ ಮೇಲೆ ದಿನಾಂಕ ಸಮೇತ ಸೀಲು ಹಾಕಿಸಿಕೊಂಡೆವು. ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಇತ್ತು. ಅಸಲಿ ಬಿಲ್ ಕೊಡಲಿಲ್ಲ, ಜೆರಾಕ್ಸ್ ಕೊಟ್ಟೆವು.

ಬಿಲ್ಲಿನ ಅಡಿಯಲ್ಲಿ "ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ" ಎಂದಿತ್ತು. ಹೆದರಬೇಕಾದ ಸಾಲೇನಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ಒಪ್ಪದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ. ನಮ್ಮದು ನಾಲ್ಕು ತಿಂಗಳ ಮಾತಾದ್ದರಿಂದ ವಾರಂಟಿಯೇ ಆಧಾರ. ಹದಿನೈದು ದಿನ ಉತ್ತರ ಬರದಿದ್ದರೆ 1915 ಸಹಾಯವಾಣಿಗೆ ದೂರು, ಅದೂ ಸಾಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಅಂಗಡಿ, ಕಂಪನಿ ಇಬ್ಬರನ್ನೂ ಎದುರು ಪಕ್ಷ ಮಾಡಬಹುದು, ನಾವು ವಾಸವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಐದು ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಎರಡೂವರೆ ಸಾವಿರಕ್ಕೆ ಅಲ್ಲಿಯವರೆಗೆ ಅಲೆಯುವುದು ಬೇಕೇ ಎಂದು ಅಣ್ಣ ಗೊಣಗಿದ.

ಬೇಕಾಗಲಿಲ್ಲ. ಒಂಬತ್ತನೇ ದಿನ ಅಂಗಡಿಯಿಂದ ಫೋನ್ ಬಂತು. ಕೊಟ್ಟಿದ್ದು ಇಡೀ ಸೆಟ್ಟನ್ನಲ್ಲ, ಎಡ ಬಡ್ ಒಂದನ್ನೇ. ಹಳೆಯ ಬಲ ಬಡ್ ಜೊತೆ ಅದು ಜೋಡಿಯಾಗುತ್ತದೋ ಇಲ್ಲವೋ ಎಂದು ಕೌಂಟರಿನಲ್ಲೇ ನೋಡು, ಹಾಡು ಎರಡೂ ಕಿವಿಗೆ ಬಂದ ಮೇಲೇ ಜಾಬ್ ಶೀಟಿಗೆ ಸಹಿ ಹಾಕು ಎಂದಿದ್ದೆ. ಮೂರನೇ ಸಲಕ್ಕೆ ಜೋಡಿಯಾಯಿತು. ಬದಲಿ ಬಡ್‌ಗೆ ಹೊಸದಾಗಿ ಒಂದು ವರ್ಷ ಸಿಗುತ್ತದೆಯೇ ಎಂದು ಕೇಳಿದಳು. ಇಲ್ಲ, ಹಳೆಯದರಲ್ಲಿ ಉಳಿದ ಎಂಟು ತಿಂಗಳಷ್ಟೇ ಎಂದರು. ಅದನ್ನೂ ಶೀಟಿನ ಮೇಲೆ ಬರೆಸಿಕೊಂಡು ಬಂದಿದ್ದಾಳೆ.