ಮೂವತ್ತು ಪರ್ಸೆಂಟ್ ಹೈಕ್ ಎಲ್ಲಿ ಹೋಯಿತು?

ಕೆಲಸ ಬದಲಿಸಿದವರನ್ನು ಎಲ್ಲರೂ ಮೊದಲು ಕೇಳುವುದು 'ಎಷ್ಟು ಪರ್ಸೆಂಟ್ ಹೈಕ್ ಕೊಟ್ಟರು?' ಎಂದು. ಮೂವತ್ತು ಎಂದರೆ ಕೇಳಿದವರು ತಲೆದೂಗುತ್ತಾರೆ. ಆದರೆ ಈ ಪರ್ಸೆಂಟ್ ಸಿಟಿಸಿ ಮೇಲಿನ ಲೆಕ್ಕ. ಒಬ್ಬ ನೌಕರನಿಗಾಗಿ ಕಂಪನಿ ವರ್ಷಕ್ಕೆ ತೋರಿಸುವ ಒಟ್ಟು ಖರ್ಚೇ ಸಿಟಿಸಿ. ಅದರಲ್ಲಿ ತಿಂಗಳ ಕೊನೆಗೆ ಬ್ಯಾಂಕಿಗೆ ಬೀಳುವ ದುಡ್ಡಿರುತ್ತದೆ, ಐದು ವರ್ಷ ಕಾದರೆ ಸಿಗುವ ದುಡ್ಡಿರುತ್ತದೆ, ಸಿಗದೆಯೂ ಹೋಗಬಹುದಾದ ದುಡ್ಡೂ ಇರುತ್ತದೆ. ದಿನವಿಡೀ ಕಂಪನಿಯ ಖಾತೆಗಳನ್ನು ತಾಳೆ ನೋಡುವ ಅಕೌಂಟೆಂಟ್‌ಗಳೂ ತಮ್ಮ ಆಫರ್ ಲೆಟರ್ ಬಂದಾಗ ಕೊನೆಯ ಸಾಲಿನ ಮೊತ್ತ ನೋಡಿ ಸಹಿ ಹಾಕಿಬಿಡುವುದುಂಟು.

ಲೆಕ್ಕ ಬಿಡಿಸಿ ನೋಡಲು ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಸವಿತಾ ಬಿ.ಕಾಂ. ಮುಗಿಸಿ ಸಿಎ ಇಂಟರ್ ಪಾಸು ಮಾಡಿದವರು. ಎಂಟು ವರ್ಷದ ಅನುಭವ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೀನಿಯರ್ ಅಕೌಂಟೆಂಟ್. ಈಗಿನ ಸಿಟಿಸಿ 9 ಲಕ್ಷ ರೂಪಾಯಿ. ವೈಟ್‌ಫೀಲ್ಡ್‌ನ ಕಂಪನಿಯೊಂದು 11 ಲಕ್ಷ 70 ಸಾವಿರ ಕೊಡುವುದಾಗಿ ಹೇಳಿದೆ. ಸರಿಯಾಗಿ 30 ಪರ್ಸೆಂಟ್ ಹೆಚ್ಚು.

ಎರಡೂ ಕಡೆಯ ಲೆಕ್ಕ

ಸವಿತಾ ಅವರ ಈಗಿನ ಬೇಸಿಕ್ ತಿಂಗಳಿಗೆ 37,500. ಆದರೂ ಕಾರ್ಖಾನೆಯವರು ಪಿಎಫ್ ಕಟ್ಟುವುದು 15,000 ರೂಪಾಯಿಯ ಮೇಲೆ ಮಾತ್ರ. ಅದರ 12 ಪರ್ಸೆಂಟ್ ಎಂದರೆ ತಿಂಗಳಿಗೆ 1,800, ವರ್ಷಕ್ಕೆ 21,600. ಸವಿತಾ ಪಾಲಿನ ಕಡಿತವೂ ಅಷ್ಟೇ. ವೇರಿಯಬಲ್ ಇಲ್ಲ, ಗ್ರ್ಯಾಚುಟಿಯನ್ನು ಸಿಟಿಸಿಯೊಳಗೆ ಸೇರಿಸಿಲ್ಲ. ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ ಹೋಗುತ್ತದೆ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ಎಲ್ಲ ಕಳೆದು ಕೈಗೆ ಬರುವುದು ವರ್ಷಕ್ಕೆ 8,54,300, ತಿಂಗಳಿಗೆ ಸುಮಾರು 71,200.

ಹೊಸ ಆಫರ್‌ನಲ್ಲಿ ಬೇಸಿಕ್ 45,000. ಈ ಕಂಪನಿ ಪೂರ್ತಿ ಬೇಸಿಕ್ ಮೇಲೆ ಪಿಎಫ್ ಕಟ್ಟುತ್ತದೆ, ಅಂದರೆ ವರ್ಷಕ್ಕೆ 64,800. ಅದು ಸಿಟಿಸಿಯ ಒಳಗೇ ಇದೆ. ಬೇಸಿಕ್‌ನ 4.81 ಪರ್ಸೆಂಟ್ ಲೆಕ್ಕದಲ್ಲಿ ಗ್ರ್ಯಾಚುಟಿ ಸುಮಾರು 26,000. ಆರೋಗ್ಯ ವಿಮೆಯ ಕಂತು 12,000. ಸಿಟಿಸಿಯ ಹತ್ತನೇ ಒಂದು ಭಾಗ, 1,17,000, ವೇರಿಯಬಲ್. ಇವನ್ನೆಲ್ಲ ತೆಗೆದರೆ ಉಳಿಯುವುದು 9,50,200. ಅದರಲ್ಲೂ ಸವಿತಾ ಪಾಲಿನ ಪಿಎಫ್ 64,800 ಮತ್ತು ವೃತ್ತಿ ತೆರಿಗೆ ಕಳೆಯಬೇಕು. ಕೈಗೆ ಬರುವುದು 8,82,900. ತಿಂಗಳಿಗೆ 73,600ರ ಹತ್ತಿರ.

ಪೀಣ್ಯದಿಂದ ವೈಟ್‌ಫೀಲ್ಡ್‌ಗೆ ಹೋದರೆ ತಿಂಗಳಿಗೆ ಹೆಚ್ಚಾಗುವುದು 2,400 ರೂಪಾಯಿ. ಓಡಾಟದ ಖರ್ಚಿಗೇ ಅದು ಸಾಲದು.

ಹಾಗೆಂದು ಇದು ಮೋಸದ ಆಫರ್ ಎಂದುಕೊಳ್ಳುವುದು ತಪ್ಪು. ಸಿಟಿಸಿಯಲ್ಲಿ ಹೆಚ್ಚಾದ 2,70,000 ಎಲ್ಲೆಲ್ಲಿ ಕೂತಿದೆ ಎಂದು ಬಿಡಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕೈಸಂಬಳದಲ್ಲಿ ಹೆಚ್ಚಾದದ್ದು ವರ್ಷಕ್ಕೆ 28,600. ಎರಡೂ ಪಾಲು ಸೇರಿ ಪಿಎಫ್ ಖಾತೆಗೆ ಹೆಚ್ಚಾಗಿ ಹೋಗುವುದು 86,400. ಇದು ಈಗ ಕೈಗೆ ಸಿಗದಿದ್ದರೂ ಸವಿತಾ ಅವರದೇ ದುಡ್ಡು. ಎರಡೂ ಸೇರಿದರೆ 1,15,000. ಖಚಿತವಾದ ಏರಿಕೆ ಇಷ್ಟೇ, ಹಳೆಯ 9 ಲಕ್ಷದ ಮೇಲೆ 13 ಪರ್ಸೆಂಟ್‌ಗಿಂತ ತುಸು ಕಡಿಮೆ. ಉಳಿದದ್ದರಲ್ಲಿ 1,17,000 ವೇರಿಯಬಲ್, 26,000 ಗ್ರ್ಯಾಚುಟಿ, 12,000 ವಿಮೆ. ಚೌಕಾಸಿ ಮಾಡುವವರು 30 ಪರ್ಸೆಂಟನ್ನು 35 ಮಾಡಿಸಲು ಹೆಣಗುತ್ತಾರೆ. ಅದಕ್ಕಿಂತ ಅನಿಶ್ಚಿತ ಸಾಲಿನಲ್ಲಿರುವ ದುಡ್ಡನ್ನು ಖಚಿತ ಸಾಲಿಗೆ ತರಿಸುವುದು ಸುಲಭ, ಲಾಭವೂ ಹೆಚ್ಚು.

ಏನನ್ನು ಕೇಳಬಹುದು, ಏನನ್ನು ಕೇಳಿ ಪ್ರಯೋಜನವಿಲ್ಲ

ಬೇಸಿಕ್ ಎಷ್ಟು ಪಾಲಿರಬೇಕು, ಗ್ರ್ಯಾಚುಟಿ ಸಿಟಿಸಿಯಲ್ಲಿ ಸೇರಬೇಕೋ ಬೇಡವೋ ಎಂಬುದು ಇಡೀ ಕಂಪನಿಗೆ ಒಂದೇ ನಿಯಮ. ಒಬ್ಬರಿಗಾಗಿ ಅದನ್ನು ಬದಲಿಸಲು ಎಚ್‌ಆರ್‌ಗೆ ಸಾಮಾನ್ಯವಾಗಿ ಅಧಿಕಾರವಿರುವುದಿಲ್ಲ. ಅದರ ಮೇಲೆ ವಾದಿಸಿದರೆ ಫೋನ್ ಕರೆಯ ಸಮಯವಷ್ಟೇ ವ್ಯರ್ಥ. ಪಿಎಫ್ ವಿಷಯದಲ್ಲಿ ಕೆಲವು ಕಂಪನಿಗಳು ಸೇರುವಾಗ 1,800ಕ್ಕೆ ಮಿತಿಗೊಳಿಸುವ ಆಯ್ಕೆ ಕೊಡುತ್ತವೆ. ಅದಿದೆಯೇ ಎಂದು ಕೇಳಿ ತಿಳಿಯಬೇಕು. ಮನೆ ಸಾಲದ ಕಂತಿಗೆ ಕೈಸಂಬಳವೇ ಮುಖ್ಯ ಎನ್ನುವವರಿಗೆ ಆ ಆಯ್ಕೆ ಬೇಕಾದೀತು, ಉಳಿತಾಯ ಮುಖ್ಯವೆನ್ನುವವರಿಗೆ ಬೇಡ.

ಜಗ್ಗಬಹುದಾದದ್ದು ವೇರಿಯಬಲ್, ಜಾಯ್ನಿಂಗ್ ಬೋನಸ್, ನೋಟಿಸ್ ಪೀರಿಯಡ್‌ನ ಖರ್ಚು ಮತ್ತು ಸೇರುವ ದಿನಾಂಕ. ವೇರಿಯಬಲ್ ಬಗ್ಗೆ ಕೇಳಲೇಬೇಕಾದ ಪ್ರಶ್ನೆ, 'ಕಳೆದ ಎರಡು ವರ್ಷ ಈ ಗ್ರೇಡಿನವರಿಗೆ ನೂರಕ್ಕೆ ಎಷ್ಟು ಕೊಟ್ಟಿದ್ದೀರಿ?' ಎಂಬುದು. ಉತ್ತರ 90ರ ಮೇಲಿದ್ದರೆ ಅದನ್ನು ಹೆಚ್ಚುಕಡಿಮೆ ಸಂಬಳವೆಂದೇ ಎಣಿಸಬಹುದು. 'ಕಂಪನಿ ಪರ್ಫಾರ್ಮೆನ್ಸ್ ಮೇಲೆ ಹೋಗುತ್ತದೆ' ಎಂದು ತೇಲಿಸಿದರೆ ಅರ್ಧ ಎಂದಿಟ್ಟುಕೊಳ್ಳುವುದು ಕ್ಷೇಮ. ಇನ್ನೊಂದು ಷರತ್ತು ಪತ್ರದ ಕೊನೆಯಲ್ಲಿರುತ್ತದೆ: ಪಾವತಿಯ ದಿನ ಕೆಲಸದಲ್ಲಿದ್ದವರಿಗೆ ಮಾತ್ರ ವೇರಿಯಬಲ್. ಜನವರಿಯಲ್ಲಿ ಸೇರಿದವರಿಗೆ ಮೊದಲ ವರ್ಷ ಸಿಗುವುದು ಮೂರು ತಿಂಗಳ ಪಾಲೋ, ಏನೂ ಇಲ್ಲವೋ ಎಂಬುದನ್ನೂ ಅಲ್ಲೇ ನೋಡಬೇಕು.

ಜಾಯ್ನಿಂಗ್ ಬೋನಸ್ ಎಚ್‌ಆರ್‌ಗೆ ಕೊಡಲು ಸುಲಭ, ಏಕೆಂದರೆ ಅದು ಒಂದೇ ಸಲದ ಖರ್ಚು, ಗ್ರೇಡಿನ ಮಿತಿಯನ್ನು ಮುರಿಯುವುದಿಲ್ಲ. ಆದರೆ ಸಾಮಾನ್ಯವಾಗಿ ಒಂದು ವರ್ಷದೊಳಗೆ ಬಿಟ್ಟರೆ ವಾಪಸ್ ಕೊಡಬೇಕೆಂಬ ಷರತ್ತಿರುತ್ತದೆ. ಬೋನಸ್ ಕೂಡ ಸಂಬಳವೇ ಆದ್ದರಿಂದ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಸಂಬಳವೊಂದೇ ಆದಾಯವಾಗಿರುವವರಿಗೆ ಹೊಸ ಪದ್ಧತಿಯಲ್ಲಿ 12 ಲಕ್ಷ 75 ಸಾವಿರದವರೆಗೆ ತೆರಿಗೆ ಇಲ್ಲ. ಆ ಗೆರೆಯನ್ನು ಸ್ವಲ್ಪವೇ ದಾಟಿದರೆ ದಾಟಿದಷ್ಟೂ ತೆರಿಗೆಗೇ ಹೋಗುತ್ತದೆ. ಕಂಪನಿ ಕಟ್ಟುವ ಪಿಎಫ್ ಪಾಲು ಈ ಲೆಕ್ಕಕ್ಕೆ ಸೇರದು. ಸವಿತಾ ಅವರ ಆಫರ್ ಆ ಗೆರೆಗಿಂತ ಕೆಳಗಿದೆ. 13 ಲಕ್ಷದ ಆಸುಪಾಸಿನ ಸಂಬಳಕ್ಕೆ ಚೌಕಾಸಿ ಮಾಡುವವರು ಮಾತ್ರ ಇದನ್ನು ಮೊದಲೇ ಲೆಕ್ಕ ಹಾಕಬೇಕು.

ಸೇರುವ ದಿನಾಂಕಕ್ಕೂ ಬೆಲೆಯಿದೆ

ಹೊಸ ಕಂಪನಿ 'ಮೂವತ್ತು ದಿನದಲ್ಲಿ ಬನ್ನಿ' ಎಂದಿದೆ. ಸವಿತಾ ಅವರ ನೋಟಿಸ್ ಪೀರಿಯಡ್ 90 ದಿನ. ಉಳಿದ 60 ದಿನಕ್ಕೆ ಹಳೆಯ ಕಂಪನಿಗೆ ದುಡ್ಡು ಕಟ್ಟಬೇಕು. ಅದನ್ನು ಬೇಸಿಕ್ ಮೇಲೆ ಎಣಿಸಿದರೆ 75,000, ಒಟ್ಟು ಸಂಬಳದ ಮೇಲೆ ಎಣಿಸಿದರೆ 1,46,400. ಯಾವುದೆಂಬುದು ಹಳೆಯ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬರೆದಿರುತ್ತದೆ. ಮಾತುಕತೆಗೆ ಮೊದಲು ಅದನ್ನು ಹುಡುಕಿ ಓದಬೇಕು.

ಸವಿತಾ ಪಾಲಿಗೆ ಇನ್ನೊಂದು ಸೂಕ್ಷ್ಮವಿದೆ. ಕಾರ್ಖಾನೆಯಲ್ಲಿ ಅವರ ಸೇವೆ 4 ವರ್ಷ 10 ತಿಂಗಳು. ಕಾಯಂ ನೌಕರರಿಗೆ ಗ್ರ್ಯಾಚುಟಿ ಸಿಗಲು ಐದು ವರ್ಷ ಬೇಕು. 90 ದಿನವನ್ನೂ ಪೂರೈಸಿದರೆ ಐದು ವರ್ಷ ದಾಟುತ್ತದೆ. ಆಗ ಕೊನೆಯ ಬೇಸಿಕ್ 37,500ನ್ನು 26ರಿಂದ ಭಾಗಿಸಿ, 15ರಿಂದಲೂ ಐದು ವರ್ಷದಿಂದಲೂ ಗುಣಿಸಿದರೆ 1,08,173 ರೂಪಾಯಿ, ಅದೂ ತೆರಿಗೆಯಿಲ್ಲದೆ. ತಿಂಗಳಲ್ಲೇ ಹೊರಟರೆ ಅದು ಸಂಶಯಕ್ಕೆ ಬೀಳುತ್ತದೆ. ಐದನೇ ವರ್ಷದಲ್ಲಿ 240 ದಿನ ದುಡಿದಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಹೇಳಿದ್ದುಂಟು. ಆದರೆ ಕಂಪನಿ ಒಪ್ಪದಿದ್ದರೆ ಅದಕ್ಕಾಗಿ ಅಲೆಯಬೇಕಾದವರು ನೌಕರರೇ. ಅಂದರೆ 'ಬೇಗ ಬನ್ನಿ' ಎಂಬ ಎರಡೇ ಪದಕ್ಕೆ ಸವಿತಾ ತೆರಬೇಕಾದ ಬೆಲೆ ಎರಡು ಲಕ್ಷದ ಮೇಲೂ ಹೋಗಬಹುದು.

ಅಕೌಂಟ್ಸ್ ವಿಭಾಗದಲ್ಲಿ ಈ ಆತುರಕ್ಕೆ ಕಾರಣವಿರುತ್ತದೆ. ಮಾರ್ಚ್ ಕ್ಲೋಸಿಂಗ್, ಅದರ ಬೆನ್ನಿಗೆ ಸ್ಟ್ಯಾಟ್ಯುಟರಿ ಆಡಿಟ್, ಆಮೇಲೆ ಟ್ಯಾಕ್ಸ್ ಆಡಿಟ್. ಇವು ತಳ್ಳಿಹಾಕಲು ಬಾರದ ಕೆಲಸಗಳು. ಡಿಸೆಂಬರ್‌ನಲ್ಲಿ ಆಫರ್ ಕೊಡುವವರಿಗೆ ಮಾರ್ಚ್‌ನಲ್ಲಿ ಆಳು ಬೇಕಿರುತ್ತದೆ. ಹೀಗಾಗಿ ಅದೇ ಕೌಶಲಕ್ಕೆ ಮೇ ತಿಂಗಳಿಗಿಂತ ಡಿಸೆಂಬರ್‌ನಲ್ಲಿ ಹೆಚ್ಚು ಬೆಲೆ.

ಫೋನಿನಲ್ಲಿ

ಈಗಿನ ಸಿಟಿಸಿ ಎಷ್ಟೆಂದು ಎಚ್‌ಆರ್ ಕೇಳುವುದು ಇಲ್ಲಿ ಮಾಮೂಲು. ಸುಳ್ಳು ಹೇಳಿ ದಕ್ಕಿಸಿಕೊಳ್ಳಲಾಗದು. ಮೂರು ತಿಂಗಳ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿಯೇ ಕೇಳುತ್ತಾರೆ. ನಿಜದ ಅಂಕಿಯನ್ನೇ ಹೇಳಿ, ಅದು ಪೂರ್ತಿ ಖಚಿತ ಸಂಬಳವೆಂಬುದನ್ನೂ ಆಗಲೇ ಹೇಳಬೇಕು. ಮಾತುಕತೆ ಹೀಗಿರಬಹುದು.

"ಸವಿತಾ ಅವರೇ, ಥರ್ಟಿ ಪರ್ಸೆಂಟ್ ನಮ್ಮ ಮ್ಯಾಕ್ಸಿಮಮ್. ಇದರ ಮೇಲೆ ಕಷ್ಟ."

"ಸರ್, ಸಿಟಿಸಿ ಹೆಚ್ಚು ಮಾಡಿ ಅಂತ ನಾನು ಕೇಳ್ತಿಲ್ಲ. 11.7 ಇರಲಿ. ಈಗ ನನಗೆ ವೇರಿಯಬಲ್ ಇಲ್ಲ, 9 ಲಕ್ಷವೂ ಫಿಕ್ಸೆಡ್. ನಿಮ್ಮಲ್ಲಿ 1,17,000 ವೇರಿಯಬಲ್ ಇದೆ. ಅದರಲ್ಲಿ ಅರ್ಧವನ್ನಾದರೂ ಫಿಕ್ಸೆಡ್‌ಗೆ ಹಾಕಿಕೊಡಿ."

"ಅದು ಗ್ರೇಡ್ ಪಾಲಿಸಿ ಮೇಡಂ. ಫೈನಾನ್ಸ್ ಹೆಡ್ ಅಪ್ರೂವಲ್ ಬೇಕಾಗುತ್ತೆ."

"ಅವರೇ ಇಂಟರ್‌ವ್ಯೂನಲ್ಲಿ ಕೇಳಿದ್ರು, ತಿಂಗಳ ಕ್ಲೋಸಿಂಗ್ ಒಂಬತ್ತು ದಿನದಿಂದ ಐದಕ್ಕೆ ಹೇಗೆ ಇಳಿಸಿದ್ರಿ ಅಂತ. ದಯವಿಟ್ಟು ಒಂದು ಸಲ ಅವರ ಹತ್ತಿರ ಮಾತಾಡಿ. ಇನ್ನೊಂದು ವಿಷಯ ಸರ್, ನನ್ನ ನೋಟಿಸ್ 90 ದಿನ. ಪೂರ್ತಿ ಮಾಡಿ ಬಂದರೂ ಮಾರ್ಚ್ ಕ್ಲೋಸಿಂಗ್‌ಗೆ ಸಿಗ್ತೀನಿ. ಬೇಗ ಬೇಕಿದ್ರೆ ನೋಟಿಸ್ ದುಡ್ಡು ಮತ್ತು ನಾನು ಕಳೆದುಕೊಳ್ಳೋ ಗ್ರ್ಯಾಚುಟಿ, ಎರಡನ್ನೂ ನೀವು ತುಂಬಿಕೊಡಬೇಕಾಗುತ್ತೆ."

ಇಲ್ಲಿ ಸವಿತಾ ಮನೆ ಬಾಡಿಗೆಯ ಮಾತನ್ನಾಗಲಿ, ಗೆಳತಿಯ ಸಂಬಳವನ್ನಾಗಲಿ ಎತ್ತಲಿಲ್ಲ. ಎಚ್‌ಆರ್ ತನ್ನ ಮೇಲಿನವರಿಗೆ ಮೇಲ್‌ನಲ್ಲಿ ಬರೆಯಬಹುದಾದ ಕಾರಣಗಳನ್ನೇ ಕೊಟ್ಟರು. ಸಿಟಿಸಿ ಮುಟ್ಟದ ಬೇಡಿಕೆಯಾದ್ದರಿಂದ ಒಪ್ಪಿಗೆ ಪಡೆಯುವುದು ಅವರಿಗೂ ಹಗುರ.

ಒಪ್ಪಿದರೆ ಏನಾಗುತ್ತದೆ? 58,500 ರೂಪಾಯಿ ವಿಶೇಷ ಭತ್ಯೆಯಾಗಿ ಖಚಿತ ಸಾಲಿಗೆ ಬರುತ್ತದೆ. ಕೈಸಂಬಳ ತಿಂಗಳಿಗೆ 78,450ಕ್ಕೆ ಏರುತ್ತದೆ. ಖಚಿತ ಏರಿಕೆ 1,73,500, ಅಂದರೆ 19 ಪರ್ಸೆಂಟ್ ದಾಟುತ್ತದೆ. ಹಳೆಯ ಕಂಪನಿಯ ಗ್ರ್ಯಾಚುಟಿಯೂ ಉಳಿಯುತ್ತದೆ. ಹೊಸ ಕಂಪನಿಯ ಖರ್ಚು ಮಾತ್ರ ಕಾಗದದ ಮೇಲೆ ಒಂದು ರೂಪಾಯಿಯೂ ಹೆಚ್ಚಿಲ್ಲ.

ಒಪ್ಪದಿರುವುದೂ ಸಾಧ್ಯ. 'ಆರು ತಿಂಗಳಾದ ಮೇಲೆ ರಿವೈಸ್ ಮಾಡೋಣ' ಎಂಬ ಉತ್ತರ ಬರಬಹುದು. ಅದನ್ನು ಆಫರ್ ಲೆಟರ್‌ನಲ್ಲಿ ಬರೆದುಕೊಡುವುದಾದರೆ ಮಾತು ಮುಂದುವರಿಸಬಹುದು, ಇಲ್ಲವಾದರೆ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಬದಲಾದ ಸಂಬಳದ ಪಟ್ಟಿ, ಸೇರುವ ದಿನಾಂಕ ಮತ್ತು ವೇರಿಯಬಲ್ ಷರತ್ತು ಇರುವ ಹೊಸ ಪತ್ರ ಕೈಗೆ ಬರುವವರೆಗೆ ರಾಜೀನಾಮೆ ಕೊಡುವುದೂ ಬೇಡ. ರಾಜೀನಾಮೆ ಕೊಟ್ಟ ಮೇಲೆ ಕೇಳುವ ಹಿಡಿತವೇ ಉಳಿಯದು.

ಫೋನ್ ಬರುವ ಮೊದಲೇ ಸವಿತಾ ಒಂದು ಅಂಕಿಯನ್ನು ಬರೆದಿಟ್ಟುಕೊಂಡಿರಬೇಕು. ಖಚಿತ ಏರಿಕೆ ಎಷ್ಟಕ್ಕಿಂತ ಕಡಿಮೆಯಾದರೆ ಪೀಣ್ಯದಲ್ಲೇ ಉಳಿಯುವುದು ಮೇಲು ಎಂಬ ಅಂಕಿ ಅದು. ಓಡಾಟದ ಖರ್ಚು, ಏಪ್ರಿಲ್‌ನಲ್ಲಿ ಅಲ್ಲೇ ಸಿಗಬಹುದಾಗಿದ್ದ ಇನ್‌ಕ್ರಿಮೆಂಟ್, ಕೈತಪ್ಪುವ ಬೋನಸ್ ಇವನ್ನು ಕೂಡಿಸಿದರೆ ಅದು ಸಿಗುತ್ತದೆ. ಅದು 1,15,000ಕ್ಕಿಂತ ಹೆಚ್ಚಿದ್ದು, ಕಂಪನಿ ಏನನ್ನೂ ಬದಲಿಸದಿದ್ದರೆ, 30 ಪರ್ಸೆಂಟ್ ಹೈಕ್‌ನ ಆಫರನ್ನು ಬೇಡವೆನ್ನುವುದೇ ಸರಿಯಾದ ಲೆಕ್ಕ.