ಗ್ರೂಪಿನಲ್ಲಿ ಸರ್ ತಪ್ಪಿದಾಗ

ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ತೆರಿಗೆ ಸಲಹೆಗಾರರೊಬ್ಬರ ಕಚೇರಿಯ ವಾಟ್ಸಾಪ್ ಗ್ರೂಪು. ಮಾರ್ಚ್ 10ರ ಬೆಳಿಗ್ಗೆ ಹಿರಿಯರು ಬರೆಯುತ್ತಾರೆ: ‘ಅಡ್ವಾನ್ಸ್ ಟ್ಯಾಕ್ಸ್ ಕೊನೆ ಕಂತಿಗೆ ಮಾರ್ಚ್ 31 ಕಡೇ ದಿನ. ಎಲ್ಲಾ ಪಾರ್ಟಿಗಳಿಗೂ ತಿಳಿಸಿ.’ ಕೆಳಗೆ ಸಾಲುಸಾಲಾಗಿ ‘ಓಕೆ ಸರ್’ಗಳು ಬೀಳುತ್ತವೆ. ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಮಾತ್ರ ಗೊತ್ತು, ಕಡೇ ದಿನ ಮಾರ್ಚ್ 15.

ಸುಮ್ಮನಿದ್ದರೆ ನಷ್ಟ ಪಾರ್ಟಿಗೆ. ಅಂದಾಜು ಆದಾಯದ ಪದ್ಧತಿಯಲ್ಲಿರುವ ಸಣ್ಣ ಅಂಗಡಿಯವರು ಇಡೀ ವರ್ಷದ ಮುಂಗಡ ತೆರಿಗೆಯನ್ನು ಆ ಒಂದೇ ದಿನದೊಳಗೆ ಕಟ್ಟಬೇಕು. ತಪ್ಪಿದರೆ ಶೇ 1ರಷ್ಟು ಬಡ್ಡಿ. 60,000 ರೂಪಾಯಿಗೆ 600.

ಅವಳು ಮೊದಲು ಇಲಾಖೆಯ ಪೋರ್ಟಲ್ ತೆರೆದು ತಾರೀಕು ಖಚಿತ ಮಾಡಿಕೊಳ್ಳಬೇಕು. ಆಮೇಲಿನ ಕೆಲಸ ಇನ್ನೂ ಮುಖ್ಯ: ಸರ್‌ಗೆ 31 ಎಲ್ಲಿಂದ ಬಂತು? ಮಾರ್ಚ್ 31ರೊಳಗೆ ಕಟ್ಟಿದ್ದೆಲ್ಲವನ್ನೂ ಕಾನೂನು ಮುಂಗಡ ತೆರಿಗೆ ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಅಂದರೆ ಅವರು ಬರೆದದ್ದು ಅರ್ಧ ಸರಿ. ಆ ಅರ್ಧವನ್ನು ಒಪ್ಪಿಕೊಂಡೇ ಮಾತು ಶುರುಮಾಡಿದರೆ ಹಿರಿಯರ ಮುಖ ಉಳಿಯುತ್ತದೆ.

ಗ್ರೂಪಿನ ಮೆಸೇಜನ್ನು ಒತ್ತಿ ಹಿಡಿದು ಮೆನು ತೆರೆದರೆ Reply privately ಸಿಗುತ್ತದೆ. ಯಾವ ಸಾಲಿನ ಬಗ್ಗೆ ಮಾತು ಎಂಬುದು ಅವರಿಗೆ ಕಾಣುತ್ತದೆ, ಉಳಿದವರಿಗೆ ಏನೂ ಕಾಣುವುದಿಲ್ಲ. ಅಲ್ಲಿ ಹೀಗೆ ಬರೆಯಬಹುದು: ‘ಸರ್, 31ರವರೆಗೆ ಕಟ್ಟಿದ್ದೂ ಅಡ್ವಾನ್ಸ್ ಟ್ಯಾಕ್ಸೇ ಆಗುತ್ತೆ, ಆದ್ರೆ 15 ದಾಟಿದ್ರೆ ಬಡ್ಡಿ ಬೀಳುತ್ತಲ್ವಾ? ಗ್ರೂಪಲ್ಲಿ ನೀವೇ ಒಂದು ಸಾಲು ಹಾಕ್ತೀರಾ?’ ‘ದಯವಿಟ್ಟು ತಪ್ಪು ತಿಳಿಯಬೇಡಿ ಸರ್’ ಎಂಬ ಪೀಠಿಕೆ ಬೇಡ. ಅದನ್ನು ಓದಿದವರು ತಪ್ಪು ತಿಳಿಯಲು ಆಗಲೇ ಸಿದ್ಧರಾಗಿರುತ್ತಾರೆ.

ಕಳಿಸಿದ 15 ನಿಮಿಷದೊಳಗಾದರೆ ಅವರು ಮೂಲ ಮೆಸೇಜನ್ನೇ ತಿದ್ದಬಹುದು. ಆದರೆ ತಿದ್ದಿದ್ದಕ್ಕೆ ಹೊಸ ನೋಟಿಫಿಕೇಶನ್ ಬರುವುದಿಲ್ಲ. ಈಗಾಗಲೇ ಓದಿ ಮುಂದೆ ಹೋದವರ ತಲೆಯಲ್ಲಿ 31 ಹಾಗೇ ಕೂತಿರುತ್ತದೆ. ಹಾಗಾಗಿ ಸರ್ ಕೈಯಿಂದಲೇ ಹೊಸ ಮೆಸೇಜೊಂದು ಬೀಳುವುದು ಒಳ್ಳೆಯದು: ‘ಬಡ್ಡಿ ತಪ್ಪಿಸಲು 15ರೊಳಗೆ ಕಟ್ಟಿಸಿ.’

ಅವರು ಮೆಸೇಜ್ ನೋಡದಿದ್ದರೆ ಫೋನ್ ಮಾಡಬೇಕು. ಫೋನೂ ಎತ್ತಲಿಲ್ಲ, ಇತ್ತ ಸಹೋದ್ಯೋಗಿಗಳು ಆಗಲೇ ಪಾರ್ಟಿಗಳಿಗೆ 31 ಎಂದು ಹೇಳುತ್ತಿದ್ದಾರೆ ಎಂದರೆ ಮರ್ಯಾದೆಗಿಂತ ಗಡುವು ದೊಡ್ಡದು. ಗ್ರೂಪಿನಲ್ಲೇ ಬರೆಯಬೇಕು, ಆದರೆ ಸರ್ ಮೆಸೇಜಿಗೆ ರಿಪ್ಲೈ ಆಗಿ ಅಲ್ಲ. ಅವರ ಸಾಲು ಮತ್ತೆ ಎಲ್ಲರ ಕಣ್ಣಿಗೆ ಬೀಳುತ್ತದೆ. ‘ಪೋರ್ಟಲ್‌ನಲ್ಲಿ 15 ಅಂತಿದೆ, ಸರ್ ಹತ್ರ ಕೇಳ್ತಿದ್ದೀನಿ, ಅಲ್ಲೀವರೆಗೆ ಪಾರ್ಟಿಗಳಿಗೆ ಹೇಳೋದು ನಿಲ್ಸಿ’ ಎಂದರೆ ಸಾಕು.

ಸರ್ ತಿದ್ದುಪಡಿ ಹಾಕಿದ ಮೇಲೆ ಅವಳೂ ಎಲ್ಲರಂತೆ ‘ಓಕೆ ಸರ್’ ಎಂದಷ್ಟೇ ಬರೆಯಲಿ. ‘ನಾನೂ ಅದನ್ನೇ ಹೇಳಿದ್ದೆ’ ಎಂದು ಬರೆದರೆ ಗುಟ್ಟಾಗಿ ಹೇಳಿದ್ದೆಲ್ಲ ದಂಡ.